ಆಫರ್ ಲೆಟರ್‌ಗೆ ಸಹಿ ಹಾಕುವ ಮುನ್ನ: ಕಂಪನಿಯ ಇನ್ಶೂರೆನ್ಸ್‌ನಲ್ಲಿ ಅಪ್ಪ ಅಮ್ಮ ಇದ್ದಾರಾ, ಯಾವತ್ತಿನಿಂದ ಇದ್ದಾರೆ?

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಯಾವುದೇ ಕಂಪನಿಯ ಆಫರ್ ಲೆಟರ್ ತೆಗೆದು ನೋಡಿ. ಬೇಸಿಕ್ ಎಷ್ಟು, ಎಚ್‌ಆರ್‌ಎ ಎಷ್ಟು, ಪಿಎಫ್ ಎಷ್ಟು ಅಂತ ಪುಟದ ತುಂಬ ಕೋಷ್ಟಕ ಇರುತ್ತದೆ. ಇನ್ಶೂರೆನ್ಸ್ ವಿಚಾರಕ್ಕೆ ಬಂದರೆ ‘ಕಂಪನಿ ನಿಯಮದಂತೆ ಮೆಡಿಕಲ್ ಇನ್ಶೂರೆನ್ಸ್’ ಅನ್ನುವ ಒಂದೇ ಸಾಲು. ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದರೆ ಆ ಸಾಲನ್ನು ಓದಿ ಮುಂದೆ ಹೋಗಬಹುದು. ಅಪ್ಪನಿಗೆ ಶುಗರ್, ಅಮ್ಮನಿಗೆ ಮಂಡಿನೋವು ಇರುವ ಮನೆಯಾದರೆ ಇಡೀ ಆಫರ್‌ನ ಬೆಲೆ ನಿಂತಿರುವುದು ಆ ಸಾಲಿನ ಮೇಲೆಯೇ.

ಒಂದು ಉದಾಹರಣೆ ಇಟ್ಟುಕೊಂಡೇ ಮಾತಾಡೋಣ. ಅಂಕಿಗಳು ಲೆಕ್ಕಕ್ಕೆಂದು ನಾನು ಇಟ್ಟವು. ನಿಮ್ಮ ಅಂಕಿಗಳನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ. ಮದ್ದೂರಿನ ಒಬ್ಬ ಹುಡುಗಿ, ಇನ್ನೂ ಮದುವೆಯಾಗಿಲ್ಲ. ಅಪ್ಪನಿಗೆ 61, ಎಂಟು ವರ್ಷದಿಂದ ಶುಗರ್ ಮಾತ್ರೆ. ಅಮ್ಮನಿಗೆ 56, ಮಂಡಿ ಸವೆದಿದೆ, ಒಂದೆರಡು ವರ್ಷದೊಳಗೆ ಒಂದು ಕಾಲಿಗಾದರೂ ಆಪರೇಷನ್ ಬೇಕಾಗಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ಕೈಯಲ್ಲಿ ಎರಡು ಆಫರ್. ಮೊದಲನೆಯದರಲ್ಲಿ ವರ್ಷಕ್ಕೆ 6,60,000 ರೂಪಾಯಿ ಮತ್ತು 5 ಲಕ್ಷದ ಇನ್ಶೂರೆನ್ಸ್. ಎರಡನೆಯದರಲ್ಲಿ 6,00,000 ರೂಪಾಯಿ ಮತ್ತು 3 ಲಕ್ಷದ ಇನ್ಶೂರೆನ್ಸ್. ಮೇಲುನೋಟಕ್ಕೆ ಮೊದಲನೆಯದೇ ಎರಡು ಕಡೆಯಿಂದಲೂ ದೊಡ್ಡದು.

ಮೊದಲು: ಇದು ಇಎಸ್‌ಐಯೋ, ಗ್ರೂಪ್ ಪಾಲಿಸಿಯೋ

ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗೆ ಇದ್ದು, ಸಂಸ್ಥೆ ಇಎಸ್‌ಐ ವ್ಯಾಪ್ತಿಗೆ ಬರುವುದಾದರೆ ನಿಮಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಅನ್ವಯಿಸುತ್ತದೆ. ನಿಮ್ಮ ಸಂಬಳದಿಂದ ಶೇ 0.75, ಮಾಲೀಕರಿಂದ ಶೇ 3.25 ಹೋಗುತ್ತದೆ. ಅದರಲ್ಲಿ ಅವಲಂಬಿತ ತಂದೆ ತಾಯಿಗೂ ಚಿಕಿತ್ಸೆ ಇದೆ. ಹಳೆಯ ಕಾಯಿಲೆ ಎಂಬ ಕಾರಣಕ್ಕೆ ಹೊರಗಿಡುವ ಪದ್ಧತಿಯೂ ಅಲ್ಲಿಲ್ಲ. ಆದರೆ ದೊಡ್ಡ ಚಿಕಿತ್ಸೆಗೆ ಇಂತಿಷ್ಟು ದಿನ ವಂತಿಗೆ ಕಟ್ಟಿರಬೇಕು ಎಂಬ ಷರತ್ತು ಇರುತ್ತದೆ, ಇಎಸ್‌ಐ ಆಸ್ಪತ್ರೆಯ ದಾರಿಯಿಂದಲೇ ಹೋಗಬೇಕಾಗುತ್ತದೆ. ಸಂಬಳ 21,000ದ ಗೆರೆ ದಾಟಿದರೆ ಆ ವಂತಿಗೆಯ ಅವಧಿ ಮುಗಿಯುವವರೆಗೆ ಮಾತ್ರ ಇಎಸ್‌ಐ ಮುಂದುವರಿಯುತ್ತದೆ. ಹಾಗಾಗಿ 20,500ರಿಂದ 22,000ಕ್ಕೆ ಹೋಗುವ ಆಫರ್ ಬಂದವರು, ಇಎಸ್‌ಐ ಹೋದ ಮೇಲೆ ಅಪ್ಪ ಅಮ್ಮನಿಗೆ ಏನು ಎಂದು ಕೇಳದೆ ಒಪ್ಪಬಾರದು.

ನಮ್ಮ ಹುಡುಗಿಯ ಸಂಬಳ ಅದಕ್ಕಿಂತ ಮೇಲೆ. ಅವಳಿಗೆ ಸಿಗುವುದು ಕಂಪನಿ ಎಲ್ಲ ನೌಕರರ ಪರವಾಗಿ ತೆಗೆದುಕೊಳ್ಳುವ ಗ್ರೂಪ್ ಪಾಲಿಸಿ. ಮುಂದಿನ ಮಾತೆಲ್ಲ ಅದರದ್ದು.

ಎರಡನೆಯದು: ‘ಫ್ಯಾಮಿಲಿ’ ಅಂದರೆ ಯಾರು ಯಾರು

ಎಚ್‌ಆರ್ ‘ಫ್ಯಾಮಿಲಿ ಕವರ್ ಇದೆ’ ಅಂದರೆ ಬಹಳಷ್ಟು ಸಲ ಅದರ ಅರ್ಥ ನೌಕರ, ಹೆಂಡತಿ ಅಥವಾ ಗಂಡ, ಇಬ್ಬರು ಮಕ್ಕಳು. ತಂದೆ ತಾಯಿ ಅದರೊಳಗೆ ಇಲ್ಲ. ಮದುವೆಯಾಗದ ಹುಡುಗಿಗೆ ಆ 5 ಲಕ್ಷ ಅವಳೊಬ್ಬಳದೇ 5 ಲಕ್ಷ. ಮನೆಯಲ್ಲಿ ಆಸ್ಪತ್ರೆಗೆ ಸೇರುವ ಸಾಧ್ಯತೆ ಎಲ್ಲರಿಗಿಂತ ಕಡಿಮೆ ಇರುವುದು ಅವಳಿಗೇ.

ತಂದೆ ತಾಯಿಯನ್ನು ಸೇರಿಸುವ ಕಂಪನಿಗಳಲ್ಲೂ ಮೂರು ರೀತಿ ಇದೆ. ಕೆಲವು ಕಡೆ ಪೂರ್ತಿ ಪ್ರೀಮಿಯಂ ಕಂಪನಿಯದೇ. ಕೆಲವು ಕಡೆ ಅರ್ಧ ನಿಮ್ಮದು. ಇನ್ನು ಕೆಲವು ಕಡೆ ತಂದೆ ತಾಯಿಗೆಂದೇ ಬೇರೆ ಗ್ರೂಪ್ ಪಾಲಿಸಿ ಇರುತ್ತದೆ, ಬೇಕಾದವರು ಪೂರ್ತಿ ಹಣ ತಾವೇ ಕೊಟ್ಟು ಸೇರಬಹುದು. ಈ ಮೂರನೆಯದನ್ನು ಆಫರ್ ಲೆಟರ್‌ನಲ್ಲಿ ಬರೆದಿರುವುದಿಲ್ಲ, ಇಂಟರ್ವ್ಯೂನಲ್ಲಿ ಯಾರೂ ಹೇಳುವುದೂ ಇಲ್ಲ. ಕೇಳಿದವರಿಗಷ್ಟೇ ಗೊತ್ತಾಗುತ್ತದೆ.

3 ಲಕ್ಷ ಇಡೀ ಮನೆಗೆ ಸೇರಿಯೋ, ಅಪ್ಪ ಅಮ್ಮನಿಗೆ ಬೇರೆಯೋ ಎಂಬುದನ್ನೂ ಇಲ್ಲೇ ಕೇಳಿ. ಒಟ್ಟಿಗೆ ಇದ್ದರೆ ಅಮ್ಮನ ಆಪರೇಷನ್‌ಗೆ ಎರಡು ಲಕ್ಷ ಖರ್ಚಾದ ಮೇಲೆ ಆ ವರ್ಷ ಮೂವರಿಗೂ ಸೇರಿ ಉಳಿಯುವುದು ಒಂದೇ ಲಕ್ಷ. ಮದುವೆಯಾದವರು ಇನ್ನೊಂದನ್ನು ಕೇಳಬೇಕು: ಅಪ್ಪ ಅಮ್ಮನ ಬದಲು ಅತ್ತೆ ಮಾವನನ್ನು ಸೇರಿಸಬಹುದಾ? ಎಷ್ಟೋ ಪಾಲಿಸಿಗಳಲ್ಲಿ ಎರಡು ಜೋಡಿಯಲ್ಲಿ ಒಂದು ಜೋಡಿಗೆ ಮಾತ್ರ ಅವಕಾಶ. ಈ ಕಡೆಯಿಂದ ಅಮ್ಮ, ಆ ಕಡೆಯಿಂದ ಮಾವ ಎಂದು ಆರಿಸಿಕೊಳ್ಳಲು ಬಿಡುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಎರಡನೆಯ ಕಂಪನಿ ತಂದೆ ತಾಯಿಯನ್ನು ಸೇರಿಸುತ್ತದೆ, ವರ್ಷಕ್ಕೆ 14,000 ರೂಪಾಯಿ ಸಂಬಳದಲ್ಲಿ ಹಿಡಿಯುತ್ತದೆ. ಮೊದಲನೆಯ ಕಂಪನಿಯ ಪಾಲಿಸಿಯಲ್ಲಿ ಅವರಿಲ್ಲ.

ಮೂರನೆಯದು: ಕಾಯುವ ಅವಧಿ

ನಾವೇ ಅಂಗಡಿಗೆ ಹೋಗಿ ಕೊಂಡಂತೆ ಸ್ವಂತವಾಗಿ ಒಂದು ಪಾಲಿಸಿ ತೆಗೆದುಕೊಂಡರೆ ಅದರಲ್ಲಿ ಹಲವು ಗಡಿಯಾರಗಳು ಒಟ್ಟಿಗೆ ಓಡಲು ಶುರುವಾಗುತ್ತವೆ. ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಹಣ ಇಲ್ಲ. ಕಣ್ಣಿನ ಪೊರೆ, ಹರ್ನಿಯಾ, ಪಿತ್ತಕೋಶದ ಕಲ್ಲು, ಕೀಲು ಬದಲಿ ಇಂಥ ಹೆಸರಿಸಿದ ಚಿಕಿತ್ಸೆಗಳಿಗೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು, ಕೆಲವು ಪಾಲಿಸಿಗಳಲ್ಲಿ ಮೂರು. ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗೆ ಇನ್ನೊಂದು ಅವಧಿ. 2024ರ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಇದನ್ನು ಗರಿಷ್ಠ 36 ತಿಂಗಳಿಗೆ ಇಳಿಸಿದೆ, ಅದಕ್ಕೆ ಮೊದಲು 48 ಇತ್ತು. ಒಂದೇ ಕಾಯಿಲೆ ಎರಡೂ ಪಟ್ಟಿಗೆ ಬಂದರೆ ಉದ್ದನೆಯ ಅವಧಿಯೇ ಲೆಕ್ಕ. ಅಮ್ಮನ ಮಂಡಿ ಸವೆತ ಡಾಕ್ಟರ್ ಚೀಟಿಯಲ್ಲಿ ಈಗಾಗಲೇ ಬರೆದಾಗಿದೆ, ಜೊತೆಗೆ ಕೀಲು ಬದಲಿ ಹೆಸರಿಸಿದ ಪಟ್ಟಿಯಲ್ಲೂ ಇದೆ. ಹಾಗಾಗಿ ಇವತ್ತು ಸ್ವಂತ ಪಾಲಿಸಿ ಮಾಡಿಸಿದರೂ ಮೂರು ವರ್ಷದ ತನಕ ಮಂಡಿಗೆ ಅದರಿಂದ ಉಪಯೋಗವಿಲ್ಲ ಎಂದೇ ಲೆಕ್ಕ ಹಾಕಬೇಕು.

ಗ್ರೂಪ್ ಪಾಲಿಸಿಯ ನಿಜವಾದ ಲಾಭ ಇಲ್ಲಿದೆ. ಕಂಪನಿ ಇನ್ಶೂರೆನ್ಸ್‌ನವರ ಜೊತೆ ಒಪ್ಪಂದ ಮಾಡುವಾಗ ಸ್ವಲ್ಪ ಹೆಚ್ಚು ಪ್ರೀಮಿಯಂ ಕೊಟ್ಟು ಈ ಕಾಯುವ ಅವಧಿಗಳನ್ನೆಲ್ಲ ತೆಗೆಸಿಕೊಳ್ಳಬಹುದು. ತೆಗೆಸಿಕೊಂಡಿದ್ದರೆ ಸೇರಿದ ದಿನದಿಂದಲೇ ಹಳೆಯ ಶುಗರ್‌ಗೂ ಹಣ, ಮಂಡಿಗೂ ಹಣ. ಸಾಮಾನ್ಯವಾಗಿ ಪ್ರತಿಯೊಬ್ಬರ ವೈದ್ಯಕೀಯ ಪರೀಕ್ಷೆಯನ್ನೂ ಮಾಡುವುದಿಲ್ಲ. ಸ್ವಂತ ಪಾಲಿಸಿಗೆ ಅರ್ಜಿ ಹಾಕಿದರೆ 61ರ ಶುಗರ್ ರೋಗಿಗೆ ಪ್ರೀಮಿಯಂ ಏರಿಸಬಹುದು, ಬೇಡವೆಂದು ತಿರಸ್ಕರಿಸಲೂಬಹುದು. ಗ್ರೂಪ್‌ನಲ್ಲಿ ಆ ಜರಡಿ ಇಲ್ಲ.

ಆದರೆ ಇದು ಎಲ್ಲ ಕಂಪನಿಯಲ್ಲೂ ಇದ್ದೇ ಇರುತ್ತದೆ ಅಂದುಕೊಳ್ಳಬೇಡಿ. ದೊಡ್ಡ ಐಟಿ ಕಂಪನಿಗಳಲ್ಲಿ ಇದು ವಾಡಿಕೆ. ಮೂವತ್ತು ನಲವತ್ತು ಜನರ ಸಣ್ಣ ಕಂಪನಿ ಪ್ರೀಮಿಯಂ ಉಳಿಸಲು ಹಳೆಯ ಕಾಯಿಲೆಗೆ ಒಂದು ವರ್ಷದ ಕಾಯುವಿಕೆ ಉಳಿಸಿಕೊಂಡಿರಬಹುದು. ಇನ್ನೂ ಒಂದು ಬಗೆಯುಂಟು: ನೌಕರನಿಗೆ ಮೊದಲ ದಿನದಿಂದ, ತಂದೆ ತಾಯಿಗೆ ಮಾತ್ರ ಕಾಯುವ ಅವಧಿ. ‘ನಮ್ಮಲ್ಲಿ ಡೇ ಒನ್ ಕವರ್ ಇದೆ’ ಎಂದು ಎಚ್‌ಆರ್ ಹೇಳಿದ್ದು ಸುಳ್ಳಾಗಿರುವುದಿಲ್ಲ, ಅದು ನಿಮಗೆ ಹೇಳಿದ ಮಾತು ಅಷ್ಟೇ. ಆದ್ದರಿಂದ ಬಾಯಿಮಾತಿಗೆ ಬಿಡದೆ ಮೇಲ್‌ನಲ್ಲಿ ಹೀಗೆ ಕೇಳಿ:

‘ಆಫರ್ ಒಪ್ಪಿಕೊಳ್ಳುವ ಮೊದಲು ನಿಮ್ಮ ಗ್ರೂಪ್ ಪಾಲಿಸಿಯ ಬೆನಿಫಿಟ್ ಸಾರಾಂಶ ಕಳಿಸಿಕೊಡಿ. ತಂದೆ ತಾಯಿಯನ್ನು ಸೇರಿಸಬಹುದೇ? ಅವರಿಗೆ ಮೊದಲೇ ಇರುವ ಕಾಯಿಲೆ, ಹೆಸರಿಸಿದ ಚಿಕಿತ್ಸೆಗಳು ಮತ್ತು ಮೊದಲ 30 ದಿನ, ಈ ಮೂರು ಕಾಯುವ ಅವಧಿಗಳೂ ರದ್ದಾಗಿವೆಯೇ? ಕೋಪೇ, ರೂಮ್ ಬಾಡಿಗೆ ಮಿತಿ, ಕೀಲು ಬದಲಿಗೆ ಮಿತಿ ಎಷ್ಟು? ಪಾಲಿಸಿ ಯಾವ ತಿಂಗಳು ನವೀಕರಣವಾಗುತ್ತದೆ?’

ಅಪ್ಪನ ಶುಗರ್, ಅಮ್ಮನ ಮಂಡಿ ಎಂದು ಮನೆಯ ಕಾಯಿಲೆಗಳನ್ನೆಲ್ಲ ಆ ಮೇಲ್‌ನಲ್ಲಿ ಬರೆಯುವ ಅಗತ್ಯವಿಲ್ಲ. ಪ್ರಶ್ನೆ ಪಾಲಿಸಿಯ ಬಗ್ಗೆ ಇದ್ದರೆ ಸಾಕು. ಇನ್ಶೂರೆನ್ಸ್‌ನವರ ಫಾರಂನಲ್ಲಿ ಕಾಯಿಲೆ ಕೇಳಿದ್ದರೆ ಮಾತ್ರ ಮುಚ್ಚಿಡಬೇಡಿ. ಕ್ಲೇಮ್ ತಿರಸ್ಕರಿಸಲು ಅದೇ ಅವರಿಗೆ ಸುಲಭದ ದಾರಿಯಾಗುತ್ತದೆ.

ಸದ್ಯದಲ್ಲೇ ಮಗು ಬೇಕೆಂದಿರುವವರು ಹೆರಿಗೆಯ ಗಡಿಯಾರವನ್ನೂ ನೋಡಬೇಕು. ಒಂಬತ್ತು ತಿಂಗಳ ಕಾಯುವಿಕೆ ರದ್ದಾಗಿದೆಯಾ, ಸಹಜ ಹೆರಿಗೆಗೆ ಮತ್ತು ಸಿಸೇರಿಯನ್‌ಗೆ ಮಿತಿ ಎಷ್ಟು, ಮಗುವಿಗೆ ಹುಟ್ಟಿದ ದಿನದಿಂದ ಕವರ್ ಇದೆಯಾ, ಇಷ್ಟು ಕೇಳಿ.

ನಾಲ್ಕನೆಯದು: 3 ಲಕ್ಷದಲ್ಲಿ ಕೈಗೆ ಬರುವುದೆಷ್ಟು

ಎರಡನೆಯ ಕಂಪನಿ ಉತ್ತರ ಕಳಿಸಿತು ಅಂದುಕೊಳ್ಳಿ. ಕಾಯುವ ಅವಧಿ ಮೂರೂ ರದ್ದು. ತಂದೆ ತಾಯಿಯ ಕ್ಲೇಮ್‌ಗೆ ಶೇ 10 ಕೋಪೇ, ಅಂದರೆ ಒಪ್ಪಿದ ಮೊತ್ತದಲ್ಲಿ ಹತ್ತರಲ್ಲಿ ಒಂದು ಪಾಲು ನಾವೇ ಕೊಡಬೇಕು. ರೂಮ್ ಬಾಡಿಗೆ ದಿನಕ್ಕೆ ಕವರ್‌ನ ಶೇ 1, ಅಂದರೆ 3,000 ರೂಪಾಯಿ. ಕೀಲು ಬದಲಿಗೆ ಪ್ರತ್ಯೇಕ ಮಿತಿ ಇಲ್ಲ.

ಈ ಪಟ್ಟಿಯಲ್ಲಿ ಜನ ಕೋಪೇ ನೋಡಿ ಬೇಸರಪಡುತ್ತಾರೆ, ರೂಮ್ ಬಾಡಿಗೆಯ ಸಾಲನ್ನು ದಾಟಿಬಿಡುತ್ತಾರೆ. ಹೆಚ್ಚು ಹಣ ಸೋರುವುದು ಅಲ್ಲೇ. ಅಮ್ಮ ಮೈಸೂರಿನ ಖಾಸಗಿ ಆಸ್ಪತ್ರೆಯಲ್ಲಿ ದಿನಕ್ಕೆ 5,000ದ ಸಿಂಗಲ್ ರೂಮಿನಲ್ಲಿ ಐದು ದಿನ ಇದ್ದರು ಎನ್ನಿ. ಬಿಲ್ ಹೀಗೆ: ರೂಮ್ 25,000, ಸರ್ಜನ್, ಅನಸ್ತೇಷಿಯಾ, ಥಿಯೇಟರ್, ನರ್ಸಿಂಗ್ ಸೇರಿ 1,00,000, ಕೃತಕ ಕೀಲು 80,000, ಔಷಧಿ ಮತ್ತು ಪರೀಕ್ಷೆಗಳು 40,000, ಇನ್ಶೂರೆನ್ಸ್ ಒಪ್ಪದ ಬಾಬತ್ತುಗಳು 15,000. ಒಟ್ಟು 2,60,000.

ರೂಮಿಗೆ ದಿನಕ್ಕೆ 3,000ದಂತೆ 15,000 ಸಿಗುತ್ತದೆ, 10,000 ನಮ್ಮದು. ಇಲ್ಲಿಗೆ ಮುಗಿದರೆ ಚಿಂತೆ ಇರಲಿಲ್ಲ. 5,000ದ ರೂಮಿನಲ್ಲಿ ಇದ್ದೀರಿ, ನಿಮಗೆ ಅರ್ಹತೆ ಇದ್ದದ್ದು ಅದರ ಶೇ 60 ಎಂದು ಸರ್ಜನ್, ಥಿಯೇಟರ್, ನರ್ಸಿಂಗ್ ಚಾರ್ಜನ್ನೂ ಅದೇ ಪ್ರಮಾಣದಲ್ಲಿ ಕಡಿಯುತ್ತಾರೆ. ಒಂದು ಲಕ್ಷದಲ್ಲಿ 60,000 ಮಾತ್ರ ಒಪ್ಪಿಗೆ. ಕೃತಕ ಕೀಲು, ಔಷಧಿ, ಪರೀಕ್ಷೆಗಳ ಮೇಲೆ ಹೀಗೆ ಕಡಿಯಬಾರದು ಎಂದು ಐಆರ್‌ಡಿಎಐ ನಿಯಮ ಇದೆ, ಆದ್ದರಿಂದ ಆ 1,20,000 ಪೂರ್ತಿ. ಒಟ್ಟು ಒಪ್ಪಿಗೆಯಾದದ್ದು 1,95,000. ಅದರಲ್ಲಿ ಶೇ 10 ಕೋಪೇ 19,500 ಕಳೆದರೆ ಇನ್ಶೂರೆನ್ಸ್ ಕೊಡುವುದು 1,75,500. ನಮ್ಮ ಕೈಯಿಂದ 84,500.

ಅದೇ ಆಪರೇಷನ್‌ಗೆ 3,000ದ ಶೇರಿಂಗ್ ರೂಮ್ ತೆಗೆದುಕೊಂಡಿದ್ದರೆ? ಬಿಲ್ 2,50,000. ಒಪ್ಪದ 15,000 ಬಿಟ್ಟು 2,35,000ಕ್ಕೆ ಒಪ್ಪಿಗೆ, ಕೋಪೇ 23,500, ಇನ್ಶೂರೆನ್ಸ್ ಕೊಡುವುದು 2,11,500. ನಮ್ಮ ಕೈಯಿಂದ 38,500. ರೂಮಿನ ಬಾಡಿಗೆಯಲ್ಲಿ ಇದ್ದ ವ್ಯತ್ಯಾಸ ಹತ್ತು ಸಾವಿರ, ಜೇಬಿನಿಂದ ಹೋದ ವ್ಯತ್ಯಾಸ 46,000. ರೂಮ್ ಯಾವುದಾದರೂ ಒಂದೇ ದರ ಹಾಕುವ ಆಸ್ಪತ್ರೆಯಲ್ಲಿ ಈ ಕಡಿತ ಅನ್ವಯಿಸುವುದಿಲ್ಲ, ಆದರೆ ಅಂಥ ಆಸ್ಪತ್ರೆಯನ್ನು ನಂಬಿ ಲೆಕ್ಕ ಹಾಕಬೇಡಿ. ನೋಡಲು ಬರುವ ನೆಂಟರಿಗೆ ಕೂರಲು ಜಾಗ ಇರಲಿ ಎಂದು ಸಿಂಗಲ್ ರೂಮ್ ಕೇಳುವ ಅಭ್ಯಾಸ ನಮ್ಮ ಕಡೆ ಇದೆ. ಆ ಕುರ್ಚಿಗಳಿಗೆ ಎಷ್ಟು ಬೆಲೆ ಬಿತ್ತು ಎಂಬುದು ಡಿಸ್ಚಾರ್ಜ್ ದಿನ ತಿಳಿಯುತ್ತದೆ.

ಕ್ಯಾಶ್‌ಲೆಸ್ ಆಸ್ಪತ್ರೆಗಳ ಪಟ್ಟಿಯನ್ನೂ ಈ ಹೊತ್ತಿನಲ್ಲೇ ನೋಡಿಬಿಡಿ. ಮೂಳೆ ಡಾಕ್ಟರ್ ಆಪರೇಷನ್ ಮಾಡುವ ಆಸ್ಪತ್ರೆ ಮಂಡ್ಯದಲ್ಲೋ ಮೈಸೂರಿನಲ್ಲೋ, ಅದರ ಇನ್ಶೂರೆನ್ಸ್ ಡೆಸ್ಕ್‌ಗೆ ಫೋನ್ ಮಾಡಿ, ಇನ್ಶೂರೆನ್ಸ್‌ನವರ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಟಿಪಿಎಯ ಹೆಸರು ಹೇಳಿ, ಅದರ ಗ್ರೂಪ್ ಪಾಲಿಸಿಗೆ ಈಗ ಕ್ಯಾಶ್‌ಲೆಸ್ ನಡೆಯುತ್ತಿದೆಯಾ ಎಂದು ಕೇಳಿ. ವೆಬ್‌ಸೈಟ್‌ನಲ್ಲಿ ಹೆಸರಿದ್ದೂ ಒಪ್ಪಂದ ನಿಂತಿರುವುದುಂಟು.

ಐದನೆಯದು: ಎರಡು ಆಫರ್‌ಗಳನ್ನು ರೂಪಾಯಿಗೆ ಇಳಿಸಿ

ಎರಡನೆಯ ಕಂಪನಿಗೆ ಹೋದರೆ ಸಂಬಳದಲ್ಲಿ 60,000 ಕಡಿಮೆ, ಪ್ರೀಮಿಯಂಗೆ 14,000 ಹಿಡಿತ. ವರ್ಷಕ್ಕೆ 74,000 ನಷ್ಟ. ಈ ಮಟ್ಟದ ಸಂಬಳಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ ಆದಾಯ ತೆರಿಗೆ ಬೀಳುವುದಿಲ್ಲ, ಹಾಗಾಗಿ ತೆರಿಗೆ ಈ ಲೆಕ್ಕವನ್ನು ಬದಲಿಸುವುದಿಲ್ಲ. ಬದಲಿಗೆ ಸಿಗುವುದು ಅಮ್ಮನ ಒಂದು ಮಂಡಿಗೆ 2,11,500. ಮೂರು ವರ್ಷ ಅಲ್ಲೇ ಇದ್ದರೆ 2,22,000 ಬಿಟ್ಟುಕೊಟ್ಟಂತೆ. ಅಂದರೆ ಮೂರು ವರ್ಷದಲ್ಲಿ ಒಂದೇ ಒಂದು ಮಂಡಿ ಆಪರೇಷನ್ ಆದರೆ ಎರಡೂ ಆಫರ್ ಹತ್ತಿರ ಹತ್ತಿರ ಸಮ. ಇನ್ನೊಂದು ಮಂಡಿಯೂ ಆದರೆ, ಅಥವಾ ಅಪ್ಪನಿಗೆ ಸ್ಟೆಂಟ್ ಬಿದ್ದರೆ, ಎರಡನೆಯದೇ ಗೆದ್ದಿತು. ಅಪ್ಪ ಅಮ್ಮ ಆರೋಗ್ಯವಾಗಿದ್ದ ಪಕ್ಷದಲ್ಲಿ ಮೊದಲನೆಯದನ್ನು ಬಿಡಲು ಕಾರಣವೇ ಇರುತ್ತಿರಲಿಲ್ಲ.

ಇಷ್ಟಕ್ಕೇ ನಿರ್ಧರಿಸಬೇಡಿ. ಮೊದಲನೆಯ ಕಂಪನಿಗೂ ಅದೇ ಮೇಲ್ ಕಳಿಸಿರುತ್ತೀರಲ್ಲ. ‘ತಂದೆ ತಾಯಿಗೆ ಬೇರೆ ಪಾಲಿಸಿ ಇದೆ, 3 ಲಕ್ಷದ ಕವರ್, ಕಾಯುವ ಅವಧಿ ಇಲ್ಲ, ನೌಕರರೇ ವರ್ಷಕ್ಕೆ 32,000 ಕಟ್ಟಬೇಕು’ ಎಂಬ ಉತ್ತರ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. 32,000 ಕೇಳಿದಾಕ್ಷಣ ದುಬಾರಿ ಅನ್ನಿಸುತ್ತದೆ. ಆದರೆ 60,000 ಹೆಚ್ಚು ಸಂಬಳದಲ್ಲಿ ಅದನ್ನು ಕಳೆದರೂ 28,000 ಉಳಿಯುತ್ತದೆ, ಅತ್ತ ಎರಡನೆಯ ಕಂಪನಿಯಲ್ಲಿ 14,000 ಹಿಡಿತ ಇದ್ದೇ ಇದೆ. ಕೋಪೇ, ರೂಮ್ ಮಿತಿ ಹೆಚ್ಚುಕಮ್ಮಿ ಒಂದೇ ಆಗಿದ್ದರೆ ಮೊದಲನೆಯ ಕಂಪನಿಯೇ ವರ್ಷಕ್ಕೆ 42,000 ಮುಂದೆ. ‘ಇಲ್ಲ’ ಎಂಬ ಉತ್ತರ ಬಂದರೂ ಆ ಮೇಲ್ ವ್ಯರ್ಥವಲ್ಲ. ಪಾಲಿಸಿಯ ಷರತ್ತನ್ನು ಒಬ್ಬ ಅಭ್ಯರ್ಥಿಗಾಗಿ ಯಾವ ಕಂಪನಿಯೂ ಬದಲಿಸುವುದಿಲ್ಲ, ಆದರೆ ಜಾಯಿನಿಂಗ್ ಬೋನಸ್ ಕೇಳಲು ಅಂಕಿ ಸಮೇತ ಕಾರಣ ಸಿಗುತ್ತದೆ.

ಆರನೆಯದು: ಸೇರಿದ ಮೊದಲ ತಿಂಗಳು

ತಂದೆ ತಾಯಿಯ ಹೆಸರು ಸೇರಿಸಲು ಸಾಮಾನ್ಯವಾಗಿ ಸೇರಿದ 30 ದಿನದೊಳಗೆ, ಕೆಲವು ಕಡೆ ಇನ್ನೂ ಕಡಿಮೆ ದಿನದೊಳಗೆ ಅವಕಾಶ. ಅದು ತಪ್ಪಿದರೆ ಮುಂದಿನ ನವೀಕರಣದವರೆಗೆ ಕಾಯಬೇಕು. ವರ್ಷದ ಮಧ್ಯೆ ಹೊಸದಾಗಿ ಮದುವೆಯಾದ ಸಂಗಾತಿ ಮತ್ತು ಹುಟ್ಟಿದ ಮಗುವಿಗೆ ಮಾತ್ರ ಬಾಗಿಲು ತೆರೆದಿರುತ್ತದೆ. ಹೆಸರು, ಹುಟ್ಟಿದ ದಿನಾಂಕ ಆಧಾರ್‌ನಲ್ಲಿ ಇದ್ದಂತೆಯೇ ಕೊಡಿ. ನಮ್ಮ ಹಳ್ಳಿಗಳ ಹಿರಿಯರಿಗೆ ಆಧಾರ್‌ನಲ್ಲಿ ಒಂದು ವಯಸ್ಸು, ವೋಟರ್ ಐಡಿಯಲ್ಲಿ ಇನ್ನೊಂದು ವಯಸ್ಸು ಇರುವುದು ಮಾಮೂಲು, ಆಸ್ಪತ್ರೆಯ ಕೌಂಟರಿನಲ್ಲಿ ಅದೇ ತಕರಾರಾಗುತ್ತದೆ.

ಫಾರಂ ಕೊಟ್ಟಾಯಿತು ಎಂದರೆ ಕವರ್ ಶುರುವಾಯಿತು ಎಂದಲ್ಲ. ಹೊಸಬರ ಹೆಸರು ಸೇರಿಸಲು ಕಂಪನಿ ಇನ್ಶೂರೆನ್ಸ್‌ನವರ ಬಳಿ ಮುಂಗಡ ಹಣ ಇಟ್ಟಿರುತ್ತದೆ, ಅದನ್ನು ಸಿಡಿ ಬ್ಯಾಲೆನ್ಸ್ ಅನ್ನುತ್ತಾರೆ. ಅದು ಖಾಲಿಯಾಗಿದ್ದರೆ ನಿಮ್ಮ ಹೆಸರು ಸಾಲಿನಲ್ಲೇ ಉಳಿಯುತ್ತದೆ. ಸಂಬಳದಲ್ಲಿ ಪ್ರೀಮಿಯಂ ಹಿಡಿದಿದ್ದರೂ ಟಿಪಿಎ ಕಂಪ್ಯೂಟರಿನಲ್ಲಿ ಅಮ್ಮ ಇಲ್ಲದಿರುವುದು ಹೀಗೆಯೇ. ಪರೀಕ್ಷಿಸಲು ಒಂದೇ ದಾರಿ: ಮೂವರ ಇ-ಕಾರ್ಡೂ ಕೈಗೆ ಬರಬೇಕು, ಅದರಲ್ಲಿ ಶುರುವಾಗುವ ದಿನಾಂಕ ಇರಬೇಕು. ಅದು ಬರುವ ತನಕ ಅಮ್ಮನ ಆಪರೇಷನ್‌ಗೆ ದಿನ ಗೊತ್ತು ಮಾಡಬೇಡಿ. ನವೀಕರಣ ಎರಡೇ ತಿಂಗಳಲ್ಲಿ ಇದ್ದರೆ ಇನ್ನೂ ಹುಷಾರಾಗಿರಿ. ಗ್ರೂಪ್ ಪಾಲಿಸಿ ಒಂದೊಂದು ವರ್ಷದ ಒಪ್ಪಂದ, ಹಿಂದಿನ ವರ್ಷ ಕ್ಲೇಮ್ ಜಾಸ್ತಿಯಾಗಿದ್ದರೆ ಹೊಸ ವರ್ಷ ಕೋಪೇ ಶೇ 10 ಇದ್ದದ್ದು ಶೇ 20 ಆಗಬಹುದು.

ಕೊನೆಯದು: ಕೆಲಸ ಬಿಟ್ಟರೆ

ಗ್ರೂಪ್ ಕವರ್ ನಿಮ್ಮ ಕೊನೆಯ ಕೆಲಸದ ದಿನಕ್ಕೆ ಮುಗಿಯುತ್ತದೆ. ಮುಂದಿನ ಕಂಪನಿಗೆ ಸೇರುವ ದಿನದವರೆಗೆ ಮನೆಯಲ್ಲಿ ಯಾರಿಗೂ ಏನೂ ಇಲ್ಲ. ಅದಕ್ಕೇ ನನ್ನ ಅಭಿಪ್ರಾಯದಲ್ಲಿ, ಯಾವ ಆಫರ್ ಒಪ್ಪಿದರೂ ಅಪ್ಪ ಅಮ್ಮನ ಹೆಸರಲ್ಲಿ ಕೈಗೆಟುಕುವಷ್ಟರ ಒಂದು ಸ್ವಂತ ಪಾಲಿಸಿಯನ್ನು ಈಗಲೇ ಶುರುಮಾಡಬೇಕು, ಶುಗರ್ ಮತ್ತು ಮಂಡಿ ಎರಡನ್ನೂ ಬರೆದುಕೊಟ್ಟು. ಮೂರು ವರ್ಷದ ಗಡಿಯಾರ ಇವತ್ತಿನಿಂದ ಓಡಲಿ. ಅಷ್ಟರಲ್ಲಿ ಬರುವ ಖರ್ಚನ್ನು ಕಂಪನಿಯ ಪಾಲಿಸಿ ನೋಡಿಕೊಳ್ಳುತ್ತದೆ. ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ, ಅಷ್ಟು ಹಗುರ. ಅಪ್ಪ ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಯ ನೋಂದಣಿ ಯಾವಾಗ ತೆರೆಯುತ್ತದೆ ಎಂದೂ ಸಂಘದಲ್ಲಿ ವಿಚಾರಿಸಿಡಿ.

ಸ್ವಂತ ಪಾಲಿಸಿ ಸಿಗದೆ ಹೋದವರಿಗೆ ಇನ್ನೊಂದು ದಾರಿ ಇದೆ. ಕೆಲಸ ಬಿಡುವಾಗ ಗ್ರೂಪ್ ಪಾಲಿಸಿಯಿಂದ ಅದೇ ಇನ್ಶೂರೆನ್ಸ್ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಅರ್ಜಿ ಹಾಕಬಹುದು. ಇದಕ್ಕೆ ಮೈಗ್ರೇಷನ್ ಅನ್ನುತ್ತಾರೆ. ಗ್ರೂಪ್‌ನಲ್ಲಿ ಕಳೆದ ವರ್ಷಗಳು ಹೊಸ ಪಾಲಿಸಿಯ ಕಾಯುವ ಅವಧಿಯಲ್ಲಿ ವಜಾ ಆಗುತ್ತವೆ. ವಯಸ್ಸು, ಆರೋಗ್ಯ ನೋಡಿ ಪ್ರೀಮಿಯಂ ನಿಗದಿ ಮಾಡುವ ಹಕ್ಕು ಅವರಿಗೆ ಇದ್ದೇ ಇರುತ್ತದೆ. ರಾಜೀನಾಮೆ ಕೊಟ್ಟ ವಾರವೇ ಎಚ್‌ಆರ್ ಬಳಿ ಗ್ರೂಪ್ ಪಾಲಿಸಿಯ ನಂಬರ್, ಮೂವರೂ ಸೇರಿದ ದಿನಾಂಕ ಇರುವ ಪತ್ರ ಮತ್ತು ಕ್ಲೇಮ್ ವಿವರ ಕೇಳಿ ಪಡೆದು, ಕೊನೆಯ ದಿನಕ್ಕೆ ಕನಿಷ್ಠ ಒಂದು ತಿಂಗಳು ಇರುವಾಗಲೇ ಅರ್ಜಿ ಕೊಡಿ. ನೋಟಿಸ್ ಅವಧಿ ಮುಗಿದು ಕಂಪನಿಯ ಮೇಲ್ ಐಡಿ ಮುಚ್ಚಿದ ಮೇಲೆ ಈ ಕಾಗದಗಳನ್ನು ಹೊರಗಿನಿಂದ ತರಿಸಿಕೊಳ್ಳುವುದು ಬಹಳ ಕಷ್ಟ.